ಕಾರಂತರು ಯಾವ ಬೀರುವಲ್ಲಿದ್ದಾರೆ?

ಮನೆಯಲ್ಲಿ ಪುಸ್ತಕ ಇನ್ನೂರು ದಾಟುವವರೆಗೆ ಪಟ್ಟಿ ಗಿಟ್ಟಿ ಏನೂ ಬೇಡ. ಬೆನ್ನಿನ ಬಣ್ಣ ನೋಡಿಯೇ ಕೈ ಸರಿಯಾದ ಕಡೆ ಹೋಗುತ್ತದೆ. ಐನೂರು ಆಗುವ ಹೊತ್ತಿಗೆ ನೆನಪು ಕೈಕೊಡಲು ಶುರುಮಾಡುತ್ತದೆ. ಪುಸ್ತಕ ಇದೆ ಅಂತ ಗೊತ್ತಿರುತ್ತದೆ, ಎಲ್ಲಿ ಅಂತ ಗೊತ್ತಿರುವುದಿಲ್ಲ. ಅಥವಾ ಇದೆಯೋ ಇಲ್ಲವೋ ಅನ್ನುವುದೇ ಅನುಮಾನ. ನವೆಂಬರ್ ರಿಯಾಯಿತಿ ಮಾರಾಟದಲ್ಲಿ ಪುಸ್ತಕ ಕೈಯಲ್ಲಿ ಹಿಡಿದು ನಿಂತಾಗ ಈ ಅನುಮಾನ ಬಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಅರ್ಧ ಬೆಲೆ ಅಲ್ವಾ ಅಂತ ತಂದೇ ಬಿಡುತ್ತೇವೆ.

ಸರಸ್ವತೀಪುರಂನ ನಮ್ಮ ಮನೆಗೆ ಪುಸ್ತಕಗಳು ಮೂರು ಕಡೆಯಿಂದ ಬಂದು ಸೇರಿವೆ. ಮಾವ ಹೈಸ್ಕೂಲು ಮೇಷ್ಟ್ರಾಗಿದ್ದವರು. ಅವರ ಒಂದು ಬೀರು ತುಂಬ ಹಳೆಯ ಕನ್ನಡ ಪುಸ್ತಕಗಳಿವೆ. ಮಂಡ್ಯದಿಂದ ಅಮ್ಮ ಕಳಿಸಿದ ಎರಡು ಪೆಟ್ಟಿಗೆ ಕಾದಂಬರಿಗಳಿವೆ. ಉಳಿದದ್ದು ನಮ್ಮಿಬ್ಬರದು ಮತ್ತು ಮಗಳದು. ಎಲ್ಲ ಸೇರಿ ಆರುನೂರು ಚಿಲ್ಲರೆ. ಇದಕ್ಕೊಂದು ಪಟ್ಟಿ ಮಾಡಿದ್ದರ ಕತೆ ಇದು. ಗೂಗಲ್ ಶೀಟ್ಸ್‌ನಲ್ಲಿ ಎಂಟು ಕಾಲಂ, ಗೋಡೆ ಮೇಲೆ ಮೂರು ನಾಲ್ಕು ನಿಯಮ. ಅಷ್ಟೇ. ಅದರಲ್ಲೂ ನಿಜವಾಗಿ ತಲೆ ತಿಂದದ್ದು ಒಂದೇ ಕಾಲಂ, ಬರೆದವರ ಹೆಸರಿನದು. ಅದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಮೊದಲು, ಸುಲಭದ ದಾರಿಗಳು ಯಾಕೆ ಆಗಲಿಲ್ಲ ಅಂತ ಹೇಳಿಬಿಡುತ್ತೇನೆ. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಪುಸ್ತಕದ ವಿವರ ತಾನೇ ತುಂಬಿಕೊಳ್ಳುವ ಆ್ಯಪ್‌ಗಳಿವೆ. ಮಗಳ ಇಂಗ್ಲಿಷ್ ಪುಸ್ತಕಗಳಿಗೆ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಮಾವನ ಬೀರುವಿಗೆ ಬಂದರೆ ಸ್ಕ್ಯಾನ್ ಮಾಡಲು ಬಾರ್‌ಕೋಡೇ ಇಲ್ಲ. ಐಎಸ್‌ಬಿಎನ್ ಅನ್ನುವ ಸಂಖ್ಯೆ ಜಗತ್ತಿನಲ್ಲಿ ರೂಢಿಗೆ ಬಂದದ್ದೇ 1970ರ ನಂತರ. ಆಮೇಲೂ ಬಹಳ ವರ್ಷ ನಮ್ಮ ಸಣ್ಣ ಪ್ರಕಾಶಕರು ಅದರ ಗೊಡವೆಗೆ ಹೋಗಲಿಲ್ಲ. ಇದ್ದರೂ, ಸ್ಕ್ಯಾನ್ ಮಾಡಿದಾಗ ಒಂದೋ ಏನೂ ಸಿಗುವುದಿಲ್ಲ, ಇಲ್ಲವೇ ಕನ್ನಡದ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಬಂದು ಕೂರುತ್ತದೆ.

ಲೈಬ್ರರಿಗಳಲ್ಲಿ ಬಳಸುವ ಡ್ಯೂಯಿ ದಶಮಾಂಶ ಪದ್ಧತಿಯನ್ನೇ ಮನೆಗೂ ತರೋಣ ಅಂತ ನಮ್ಮವರು ಹೇಳಿದರು. ಅದರಲ್ಲಿ ಕನ್ನಡ ಸಾಹಿತ್ಯಕ್ಕೆ ಇರುವ ಸಂಖ್ಯೆ 894.814. ಕನ್ನಡ ಕಾದಂಬರಿ ಅಂದರೆ ಅದರ ಮುಂದೆ ಒಂದು 3 ಸೇರುತ್ತದೆ. ಜಗತ್ತಿನ ಎಲ್ಲ ಭಾಷೆ, ಎಲ್ಲ ವಿಷಯ ಇಟ್ಟುಕೊಂಡ ಲೈಬ್ರರಿಗೆ ಇದು ಸರಿ. ನಮ್ಮ ಮನೆಯಲ್ಲಿ ಮುಕ್ಕಾಲು ಪಾಲು ಪುಸ್ತಕ ಈ ಒಂದೇ ಸಂಖ್ಯೆಯ ಅಡಿಯಲ್ಲಿ ಬಂದು ಗುಡ್ಡೆ ಬೀಳುತ್ತದೆ. ಆಮೇಲೆ ಆ ಗುಡ್ಡೆಯನ್ನು ಬರೆದವರ ಹೆಸರಿನ ಮೇಲೆ ಜೋಡಿಸಲೇಬೇಕು. ಹಾಗಿದ್ದ ಮೇಲೆ ನಡುವೆ ಆ ಸಂಖ್ಯೆ ಯಾಕೆ?

ಮನೆಯಲ್ಲಿ ಪುಸ್ತಕದ ಬಗ್ಗೆ ಯಾರು ಏನು ಕೇಳುತ್ತಾರೆ ಅಂತ ಸ್ವಲ್ಪ ಕಿವಿಗೊಟ್ಟರೆ ಕಾಲಂಗಳು ತಾವೇ ತೀರ್ಮಾನವಾಗುತ್ತವೆ. "ಅದು ನಮ್ಮಲ್ಲಿದೆಯಾ?" "ಎಲ್ಲಿದೆ?" "ಯಾರು ತಗೊಂಡು ಹೋದ್ರು?" ಈ ಮೂರನ್ನು ಬಿಟ್ಟು ನಾಲ್ಕನೆಯ ಪ್ರಶ್ನೆ ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ. ಪುಟ ಎಷ್ಟು, ಬೆಲೆ ಎಷ್ಟು, ಓದಿ ಎಷ್ಟು ನಕ್ಷತ್ರ ಕೊಟ್ಟೆ, ಇವಕ್ಕೆಲ್ಲ ಕಾಲಂ ಮಾಡಿದರೆ ಮೊದಲ ಐವತ್ತು ಪುಸ್ತಕಕ್ಕೆ ತುಂಬಿ ಆಮೇಲೆ ಖಾಲಿ ಬಿಡುವುದು ಖಂಡಿತ. ಅರ್ಧ ತುಂಬಿದ ಕಾಲಂನಿಂದ ಹುಡುಕಿದರೆ ಇಲ್ಲದ್ದು ಇಲ್ಲವೋ, ಬರೆಯದ್ದೋ ಗೊತ್ತಾಗುವುದಿಲ್ಲ.

ಕೊನೆಗೆ ಉಳಿದವು ಇವು: ಕ್ರಮಸಂಖ್ಯೆ, ಜಾಗ, ಕರೆಯುವ ಹೆಸರು, ಪುಸ್ತಕ, ಪುಸ್ತಕದ ಮೇಲಿರುವಂತೆ, ಮುದ್ರಣ, ಯಾರ ಹತ್ತಿರ, ಷರಾ. ಕಾದಂಬರಿ, ಕವಿತೆ, ವಿಚಾರ ಅಂತ ಬಗೆ ಬರೆಯುವ ಕಾಲಂ ಕೂಡ ಇತ್ತು, ತೆಗೆದುಹಾಕಿದೆ. ಪರಿಸರದ ಬಗ್ಗೆ ಕತೆಯಂತೆ ಬರೆದ ಪುಸ್ತಕ ಕತೆಯೋ ವಿಜ್ಞಾನವೋ ಅಂತ ನಮ್ಮವರಿಗೂ ನನಗೂ ಒಮ್ಮತ ಬರಲಿಲ್ಲ. ಆರುನೂರು ಪುಸ್ತಕಕ್ಕೆ ಆ ಜಗಳ ಬೇಕಾಗಿಯೂ ಇರಲಿಲ್ಲ.

ಇನ್ನು ಕೆಲಸ. ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಹಾಲ್ ತುಂಬ ಹರಡಿ, ಜೋಡಿಸುತ್ತ ಬರೆಯೋಣ ಅಂತ ಎಲ್ಲರಿಗೂ ಮೊದಲು ಅನ್ನಿಸುತ್ತದೆ. ಬೇಡ. ಹಾಗೆ ಹರಡಿದರೆ ಆ ವಾರ ಮನೆಗೆ ನೆಂಟರು ಬರುತ್ತಾರೆ. ಪುಸ್ತಕ ಎಲ್ಲಿದೆಯೋ ಅಲ್ಲೇ ಇರಲಿ, ಹೇಗಿದೆಯೋ ಹಾಗೇ ಪಟ್ಟಿಗೆ ಬರಲಿ. ಜೋಡಿಸುವುದು ಆಮೇಲೆ. ಪಟ್ಟಿ ಮುಗಿದ ಮೇಲೆ ಯಾವ ಲೇಖಕರದು ಎಷ್ಟಿದೆ, ಎಷ್ಟು ಜಾಗ ಬೇಕು ಅಂತ ಕೂತಲ್ಲೇ ಗೊತ್ತಾಗುತ್ತದೆ. ಆಗ ಒಂದೊಂದು ಪುಸ್ತಕವನ್ನು ಒಂದೇ ಸಲ ಎತ್ತಿಟ್ಟರೆ ಸಾಕು.

ಹಾಗಾಗಿ ಮೊದಲ ಕೆಲಸ ಪುಸ್ತಕದ್ದಲ್ಲ, ತಟ್ಟೆಗಳದ್ದು. ಪ್ರತಿ ಬೀರುವಿಗೂ ಒಂದು ಅಕ್ಷರ, ಪ್ರತಿ ತಟ್ಟೆಗೂ ಒಂದು ಸಂಖ್ಯೆ. ಹಾಲ್‌ನ ಶೆಲ್ಫು ಹ, ಮಾವನ ಬೀರು ಮ, ರೂಮಿನ ಗೋಡೆಗೂಡು ಗ. ಸಂಖ್ಯೆಯನ್ನು ಕೆಳಗಿನಿಂದ ಮೇಲಕ್ಕೆ ಎಣಿಸಿದೆವು. ಮುಂದೆ ಯಾವತ್ತೋ ಮೇಲೆ ಇನ್ನೊಂದು ಹಲಗೆ ಹೊಡೆಸಿದರೆ ಹಳೆಯ ಸಂಖ್ಯೆ ಬದಲಾಗಬಾರದು ಅಂತ. ಹ1, ಹ2, ಮ4 ಅಂತ ಸಣ್ಣ ಚೀಟಿ ಬರೆದು ತಟ್ಟೆಯ ಅಂಚಿಗೆ ಅಂಟಿಸಿದೆವು. ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸಲಿಲ್ಲ. ಮಳೆಗಾಲದಲ್ಲಿ ಅಂಟು ಬಿಡುತ್ತದೆ, ಬಿಟ್ಟುಹೋಗುವಾಗ ಹಳೆಯ ರಕ್ಷಾಪುಟದ ಬಣ್ಣವನ್ನೂ ಕಿತ್ತುಕೊಂಡು ಹೋಗುತ್ತದೆ.

ಜಾಗದ ಕಾಲಂನಲ್ಲಿ ಬರೆಯುವುದು ಇಷ್ಟೇ: ಹ3. ಎಡದಿಂದ ಹನ್ನೆರಡನೆಯದು ಅಂತೆಲ್ಲ ಬರೆಯುವುದಿಲ್ಲ. ಬೀದಿ ಹೆಸರು ಸಾಕು, ಮನೆ ನಂಬರ್ ಬೇಡ. ಒಂದು ತಟ್ಟೆಯಲ್ಲಿ ನಲವತ್ತು ಐವತ್ತು ಪುಸ್ತಕ ಇರುತ್ತದೆ. ಅಷ್ಟರಲ್ಲಿ ಒಂದನ್ನು ಹುಡುಕಲು ಕಣ್ಣಿಗೆ ಅರ್ಧ ನಿಮಿಷ ಸಾಕು. ನಂಬರ್ ಹಾಕಿದರೆ ನಡುವೆ ಒಂದು ಹೊಸ ಪುಸ್ತಕ ತೂರಿಸಿದ ತಕ್ಷಣ ಅದರ ಮುಂದಿನ ಎಲ್ಲ ಸಾಲುಗಳನ್ನೂ ತಿದ್ದಬೇಕಾಗುತ್ತದೆ. ಯಾರು ತಿದ್ದುತ್ತಾರೆ?

ಒಬ್ಬರು ಓದುವುದು, ಒಬ್ಬರು ಟೈಪ್ ಮಾಡುವುದು, ಇದು ತುಂಬ ಬೇಗ ಸಾಗುತ್ತದೆ. ಓದುವವರು ರಕ್ಷಾಪುಟ ನೋಡಬಾರದು, ಒಳಗಿನ ಶೀರ್ಷಿಕೆ ಪುಟ ಮತ್ತು ಅದರ ಹಿಂಬದಿಯ ಪುಟ ನೋಡಬೇಕು. ಹಿಂಬದಿಯಲ್ಲಿ ನಮ್ಮ ಕನ್ನಡ ಪ್ರಕಾಶಕರು ಒಂದು ಪುಟ್ಟ ಜಾತಕವನ್ನೇ ಬರೆದಿರುತ್ತಾರೆ. ಮೊದಲ ಮುದ್ರಣ ಯಾವಾಗ, ಇದು ಎಷ್ಟನೆಯದು, ಪುಟ, ಬೆಲೆ, ಪ್ರತಿ ಎಷ್ಟು, ಯಾವ ಕಾಗದ, ಪುಸ್ತಕದ ಅಳತೆ ಡೆಮಿ 1/8 ಅಥವಾ ಕ್ರೌನ್ 1/8. ಮುದ್ರಣದ ಕಾಲಂಗೆ ಇದರಿಂದ ಎರಡೇ ವಿಷಯ ಬೇಕು, ಪ್ರಕಾಶಕರು ಮತ್ತು ನಮ್ಮ ಕೈಲಿರುವ ಪ್ರತಿಯ ವರ್ಷ. ಕ್ರೌನೋ ಡೆಮಿಯೋ ಅನ್ನುವುದು ಆಮೇಲೆ ಜೋಡಿಸುವಾಗ ಕೆಲಸಕ್ಕೆ ಬರುತ್ತದೆ, ಅದನ್ನು ಷರಾದಲ್ಲಿ ಹಾಕಿದೆವು.

ಮಗಳು ಟೈಪ್ ಮಾಡುತ್ತಿದ್ದಳು, ನಾನು ಓದುತ್ತಿದ್ದೆ. ಮಾವನ ಬೀರುವಿನ ಮೊದಲ ತಟ್ಟೆಯಲ್ಲೇ ಗಾಡಿ ನಿಂತಿತು.

"ಅಮ್ಮಾ, ಇದನ್ನ ಯಾರದು ಅಂತ ಹಾಕ್ಲಿ? ಕೆ. ಶಿವರಾಮ ಕಾರಂತ ಅಂತಿದೆ. ಆಗ್ಲೇ ಹೇಳಿದ್ದು ಡಾ. ಶಿವರಾಮ ಕಾರಂತ. ಅದಕ್ಕಿಂತ ಮುಂಚಿನದು ಕೋಟ ಶಿವರಾಮ ಕಾರಂತ."

ಮೂವರೂ ಒಬ್ಬರೇ. ಆದರೆ ಶೀಟಿಗೆ ಅದು ಗೊತ್ತಿಲ್ಲ. ಪುಸ್ತಕದ ಮೇಲಿದ್ದಂತೆ ಟೈಪ್ ಮಾಡಿ ಅಕ್ಷರಕ್ರಮದಲ್ಲಿ ಜೋಡಿಸಿದರೆ ಇವರು ಕ ಅಕ್ಷರದಲ್ಲಿ ಎರಡು ಕಡೆ, ಡ ಅಕ್ಷರದಲ್ಲಿ ಒಂದು ಕಡೆ ಹಂಚಿಹೋಗುತ್ತಾರೆ. ಡ ಅಕ್ಷರದಲ್ಲಂತೂ ಕನ್ನಡದ ಡಾಕ್ಟರೇಟುಗಳೆಲ್ಲ ಸಾಲಾಗಿ ನಿಂತಿರುತ್ತವೆ. ಪ್ರೊ. ಇರುವವರು ಪ ಅಕ್ಷರದಲ್ಲಿ. ಎಸ್.ಎಲ್. ಭೈರಪ್ಪ ಎ ಅಕ್ಷರದಲ್ಲಿ, ಯು.ಆರ್. ಅನಂತಮೂರ್ತಿ ಯ ಅಕ್ಷರದಲ್ಲಿ.

ಇಂಗ್ಲಿಷ್ ಪುಸ್ತಕಗಳಿಗೆ ಕೊನೆಯ ಹೆಸರು ಹಿಡಿದು ಜೋಡಿಸು ಅನ್ನುವ ಒಂದು ನಿಯಮ ಇದೆ. ನಮಗೆ ಅದು ಒಗ್ಗುವುದಿಲ್ಲ. ನಮ್ಮಲ್ಲಿ ಒಬ್ಬೊಬ್ಬರನ್ನು ಒಂದೊಂದು ತುಂಡಿನಿಂದ ಕರೆಯುತ್ತೇವೆ. ಮಾಸ್ತಿ ಅನ್ನುವುದು ಊರಿನ ಹೆಸರು. ಕಾರಂತ, ಅಡಿಗ, ಬೇಂದ್ರೆ ಅನ್ನುವುವು ಮನೆತನದ ಹೆಸರುಗಳು. ಅನಂತಮೂರ್ತಿ, ಭೈರಪ್ಪ ಅನ್ನುವುವು ಅಪ್ಪ ಅಮ್ಮ ಇಟ್ಟ ಹೆಸರುಗಳು. ಕುವೆಂಪು, ಅನಕೃ, ತರಾಸು ಅನ್ನುವುವು ಅಕ್ಷರ ಜೋಡಿಸಿ ಮಾಡಿಕೊಂಡವು. ತ್ರಿವೇಣಿ ಅಂತೂ ಪೂರ್ತಿ ಬೇರೆಯೇ ಹೆಸರು, ಅವರು ಅನಸೂಯಾ ಶಂಕರ್. ಮೊದಲ ಹೆಸರು ಅಂದರೂ, ಕೊನೆಯ ಹೆಸರು ಅಂದರೂ ಅರ್ಧ ಜನ ತಪ್ಪು ಜಾಗಕ್ಕೆ ಹೋಗುತ್ತಾರೆ.

ಇದಕ್ಕೆ ದಾರಿ ತೋರಿಸಿದ್ದು ಮಾವ, ತಮಗೇ ಗೊತ್ತಿಲ್ಲದ ಹಾಗೆ. ನಾವು ಈ ಚರ್ಚೆಯಲ್ಲಿರುವಾಗ ಪಕ್ಕದ ಕುರ್ಚಿಯಿಂದ, "ಅದಿರಲಿ, ಆ ಮಾಸ್ತಿ ಒಂದು ಇಲ್ಲಿ ಕೊಡಮ್ಮ" ಅಂದರು. ಕೈಯಲ್ಲಿದ್ದ ಹಳೆಯ ಪುಸ್ತಕದ ಮೇಲೆ 'ಶ್ರೀನಿವಾಸ' ಅಂತ ಅಚ್ಚಾಗಿತ್ತು, ಅದು ಮಾಸ್ತಿಯವರ ಕಾವ್ಯನಾಮ. ಆದರೂ ಮಾವ ಶ್ರೀನಿವಾಸ ಕೊಡು ಅನ್ನಲಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಕೊಡು ಅಂತಲೂ ಅನ್ನಲಿಲ್ಲ. ನಿಯಮ ಅದೇ ಆಯಿತು. ಮನೆಯಲ್ಲಿ ಯಾವ ಹೆಸರು ಹೇಳಿ ಪುಸ್ತಕ ಕೇಳುತ್ತೇವೋ ಅದು 'ಕರೆಯುವ ಹೆಸರು'. ಜೋಡಿಸುವುದು ಅದರ ಮೇಲೆ. ಪುಸ್ತಕದ ಮೇಲೆ ಏನೇ ಅಚ್ಚಾಗಿರಲಿ, ಅದು ಇನ್ನೊಂದು ಕಾಲಂನಲ್ಲಿ, ಅಚ್ಚಾದ ಹಾಗೆಯೇ.

ಯಾರಿಗೆ ಯಾವ ಕರೆಯುವ ಹೆಸರು ಅಂತ ಆಗಾಗ ಮರೆತುಹೋಗುತ್ತದೆ. ಅದಕ್ಕೆ ಅದೇ ಫೈಲಿನಲ್ಲಿ 'ಹೆಸರುಗಳು' ಅಂತ ಎರಡನೆಯ ಹಾಳೆ. ಎಡಗಡೆ ಕರೆಯುವ ಹೆಸರು, ಬಲಗಡೆ ಆ ವ್ಯಕ್ತಿಯ ಬೇರೆ ರೂಪಗಳೆಲ್ಲ. ಬೇಂದ್ರೆ ಎದುರಿಗೆ ದ.ರಾ. ಬೇಂದ್ರೆ, ಅಂಬಿಕಾತನಯದತ್ತ. ದೇವನೂರು ಎದುರಿಗೆ ದೇವನೂರ ಮಹಾದೇವ, ದೇವನೂರು ಮಹಾದೇವ. ದೊಡ್ಡ ಲೈಬ್ರರಿಗಳಲ್ಲೂ ಹೆಸರುಗಳಿಗೆ ಇಂಥದ್ದೇ ಒಂದು ಕಡತ ಇಟ್ಟುಕೊಂಡಿರುತ್ತಾರೆ. ಆಮೇಲೆ ಮೊದಲ ಹಾಳೆಯಲ್ಲಿ ಕರೆಯುವ ಹೆಸರಿನ ಕಾಲಂ ಆರಿಸಿ, `Data` ಮೆನುವಿನ `Data validation` ಒಳಗೆ `Dropdown (from a range)` ಕೊಟ್ಟು, ಆ ಎಡಗಡೆಯ ಪಟ್ಟಿ ತೋರಿಸಿದರೆ ಮುಗಿಯಿತು. ಎರಡಕ್ಷರ ಹೊಡೆದರೆ ಹೆಸರು ಕೆಳಗಿಳಿಯುತ್ತದೆ, ಆರಿಸಿಕೊಂಡರೆ ಆಯಿತು. ಹೊಸ ಲೇಖಕರು ಬಂದಾಗ ಮಾತ್ರ ಎರಡನೆಯ ಹಾಳೆಗೆ ಹೋಗಿ ಒಂದು ಸಾಲು ಸೇರಿಸಬೇಕು.

ಎಲ್ಲ ಕಾಲಂಗೂ ಒಟ್ಟಿಗೆ ಕೆಲಸ ಕೊಟ್ಟ ಒಂದು ಪುಸ್ತಕ ಹೇಳುತ್ತೇನೆ. ಮಾವನ ಬೀರುವಿನ ಕೆಳಗಿನ ತಟ್ಟೆಯಲ್ಲಿ ಒಂದು ದಪ್ಪ ಸಂಪುಟವಿದೆ. ಶೀರ್ಷಿಕೆ ಪುಟದಲ್ಲಿ 'ಕರ್ಣಾಟ ಭಾರತ ಕಥಾಮಂಜರಿ' ಅಂತಿದೆ. ಮನೆಯಲ್ಲಿ ಎಲ್ಲರೂ ಅದನ್ನು ಗದುಗಿನ ಭಾರತ ಅನ್ನುತ್ತಾರೆ. ಕವಿ ಗದುಗಿನ ನಾರಣಪ್ಪ, ಕರೆಯುವುದು ಕುಮಾರವ್ಯಾಸ ಅಂತ. ಈ ಮುದ್ರಣವನ್ನು ಸಂಪಾದಿಸಿದವರು ಕುವೆಂಪು ಮತ್ತು ಮಾಸ್ತಿ. ಪುಸ್ತಕದಲ್ಲಿರುವ ಹೆಸರುಗಳನ್ನೆಲ್ಲ ನೋಡಿ ಮಗಳು ಇದನ್ನು ಕುವೆಂಪು ಅಡಿಯಲ್ಲಿ ಹಾಕಲು ಹೊರಟಿದ್ದಳು. ಅವಳ ತಪ್ಪೇನಿಲ್ಲ, ಅವಳಿಗೆ ಪರಿಚಯದ ಹೆಸರು ಅದು. ಆದರೆ ಈ ಪುಸ್ತಕ ಬೇಕಾದವರು "ಕುವೆಂಪು ಕೊಡಿ" ಅಂತ ಕೇಳುವುದಿಲ್ಲ. ಆದ್ದರಿಂದ ಆ ಸಾಲು ಹೀಗೆ ಬಂತು. ಜಾಗ ಮ1. ಕರೆಯುವ ಹೆಸರು ಕುಮಾರವ್ಯಾಸ. ಪುಸ್ತಕ: ಕರ್ಣಾಟ ಭಾರತ ಕಥಾಮಂಜರಿ. ಪುಸ್ತಕದ ಮೇಲಿರುವಂತೆ: ಸಂ. ಕುವೆಂಪು, ಮಾಸ್ತಿ ವೆಂಕಟೇಶ ಅಯ್ಯಂಗಾರ್. ಷರಾ: ಗದುಗಿನ ಭಾರತ. ಈಗ ಹುಡುಕುವ ಜಾಗದಲ್ಲಿ ಗದುಗಿನ ಅಂದರೂ, ಕುಮಾರವ್ಯಾಸ ಅಂದರೂ, ಕುವೆಂಪು ಸಂಪಾದಿಸಿದ್ದು ಯಾವುದಿದೆ ಅಂದರೂ ಇದೇ ಸಾಲು ಬರುತ್ತದೆ. ಬಳಕೆಯ ಹೆಸರನ್ನು ಷರಾದಲ್ಲಿ ಹಾಕುವುದು ಅಷ್ಟು ಸಣ್ಣ ಕೆಲಸ, ಆದರೆ ಹಳಗನ್ನಡ, ನಡುಗನ್ನಡದ ಪುಸ್ತಕಗಳಿಗೆ ಅದಿಲ್ಲದೆ ಆಗುವುದಿಲ್ಲ.

ಅನುವಾದಗಳಿಗೂ ಇದೇ ನ್ಯಾಯ. ಮೂಲ ಲೇಖಕರ ಹೆಸರು ಹೇಳಿ ಕೇಳುತ್ತೇವಾದರೆ ಅದು ಕರೆಯುವ ಹೆಸರು, ಅನುವಾದಕರು 'ಅನು.' ಅಂತ ಪಕ್ಕದ ಕಾಲಂಗೆ. ಹತ್ತು ಜನರ ಕತೆ ಸೇರಿಸಿದ ಸಂಕಲನಕ್ಕೆ ಕರೆಯುವ ಹೆಸರೇ ಇರುವುದಿಲ್ಲ. ಅಲ್ಲಿ 'ಸಂಕಲನ' ಅಂತಲೇ ಹಾಕಿದೆವು. ಎಲ್ಲ ಒಂದು ಕಡೆ ನಿಲ್ಲುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ವಿಚಿತ್ರ ಉಳಿದಿತ್ತು. ಡ್ರಾಪ್‌ಡೌನ್ ಹಾಕುವ ಮೊದಲು ಟೈಪ್ ಮಾಡಿದ ಸಾಲುಗಳಲ್ಲಿ ಎಷ್ಟು ಲೇಖಕರಿದ್ದಾರೆ ನೋಡೋಣ ಅಂತ ಖಾಲಿ ಹಾಳೆಯಲ್ಲಿ ಇದನ್ನು ಹಾಕಿದೆ. ಕರೆಯುವ ಹೆಸರು ಇರುವುದು C ಕಾಲಂನಲ್ಲಿ.

```
=SORT(UNIQUE('ಪಟ್ಟಿ'!C2:C))
```

ಒಬ್ಬೊಬ್ಬರು ಒಂದೊಂದು ಸಲ ಬರಬೇಕು. 'ಕಾರ್ನಾಡ್' ಎರಡು ಸಲ ಬಂದಿತ್ತು. ಎಷ್ಟು ದಿಟ್ಟಿಸಿದರೂ ಎರಡರಲ್ಲಿ ವ್ಯತ್ಯಾಸ ಕಾಣದು. ಹೀಗೆ ಕಣ್ಣಿಗೆ ಒಂದೇ ಕಂಡು ಶೀಟಿಗೆ ಎರಡಾಗಿ ಕಂಡರೆ `LEN` ಹಾಕಿ ಅಕ್ಷರ ಎಣಿಸಿ ನೋಡಬೇಕು. ಒಂದು 8 ಅಂತ ಬಂತು, ಇನ್ನೊಂದು 9. ಮಗಳು ಫೋನಿನಲ್ಲಿ ಟೈಪ್ ಮಾಡಿದ್ದಕ್ಕೂ ನಾನು ಲ್ಯಾಪ್‌ಟಾಪಿನಲ್ಲಿ ಟೈಪ್ ಮಾಡಿದ್ದಕ್ಕೂ ಇರುವ ವ್ಯತ್ಯಾಸ ಅದು. ಕೆಲವು ಕನ್ನಡ ಕೀಲಿಮಣೆಗಳು ಕೊನೆಯಲ್ಲಿ ಡ್, ಸ್, ಲ್ ಅಂತ ಬಂದಾಗ ಅದರ ಮುಂದೆ ಕಾಣದ ಅಕ್ಷರವೊಂದನ್ನು ಸೇರಿಸುತ್ತವೆ. ಯೂನಿಕೋಡಿನಲ್ಲಿ ಅದರ ಸಂಖ್ಯೆ 8204. ಮುಂದಿನ ಅಕ್ಷರ ಒತ್ತಾಗಿ ಅಂಟಿಕೊಳ್ಳದಿರಲಿ ಅಂತ ಇರುವಂಥದ್ದು. ಅದರ ಅಣ್ಣ ತಮ್ಮ 8205 ಕೂಡ ಅಲ್ಲಲ್ಲಿ ಸಿಗುತ್ತದೆ. ಎರಡನ್ನೂ ತೆಗೆಯಲು ಪಕ್ಕದ ಖಾಲಿ ಕಾಲಂನಲ್ಲಿ ಹೀಗೆ ಹಾಕಿ ಕೆಳಗಿನವರೆಗೂ ಎಳೆಯಬೇಕು:

```
=SUBSTITUTE(SUBSTITUTE(TRIM(C2),UNICHAR(8204),""),UNICHAR(8205),"")
```

ಹೆಸರಿನ ಹಿಂದೆ ಮುಂದೆ ಉಳಿದ ಖಾಲಿ ಜಾಗವನ್ನೂ ಇದರಲ್ಲಿರುವ `TRIM` ತೆಗೆಯುತ್ತದೆ. ಬಂದದ್ದನ್ನು ಕಾಪಿ ಮಾಡಿ `Paste special` ಒಳಗಿನ `Values only` ಕೊಟ್ಟು C ಕಾಲಂ ಮೇಲೆ ಹಾಕಿದರೆ ಎರಡು ಕಾರ್ನಾಡರು ಒಬ್ಬರಾಗುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ಇದನ್ನು ಪುಸ್ತಕದ ಹೆಸರಿನ ಕಾಲಂ ಮೇಲೆ ಪ್ರಯೋಗ ಮಾಡಬೇಡಿ. ಅಲ್ಲಿ ಆ ಕಾಣದ ಅಕ್ಷರಕ್ಕೆ ಕೆಲಸ ಇರುತ್ತದೆ. 'ರಾಜ್‌ಕುಮಾರ್' ಅನ್ನುವುದು 'ರಾಜ್ಕುಮಾರ್' ಆಗಿಬಿಡುತ್ತದೆ.

ಶೀಟಿನ ಬಗ್ಗೆ ಇನ್ನೊಂದೇ ಮಾತು. ಜೋಡಿಸುವಾಗ ಒಂದೇ ಕಾಲಂ ಆರಿಸಿ `Sort range` ಒತ್ತಿದರೆ ಹೆಸರುಗಳು ಮಾತ್ರ ಮೇಲೆ ಕೆಳಗೆ ಓಡಾಡಿ, ಪುಸ್ತಕಗಳು ಇದ್ದಲ್ಲೇ ಉಳಿಯುತ್ತವೆ. ಬೇಂದ್ರೆಯವರ ಕವಿತೆ ಭೈರಪ್ಪನವರ ಹೆಸರಿಗೆ ಬರುತ್ತದೆ. ನೋಡಲು ಪಟ್ಟಿ ಚೆನ್ನಾಗಿಯೇ ಇರುತ್ತದೆ, ಅದೇ ಅಪಾಯ. `Sort sheet` ಒತ್ತಿದರೆ ಸಾಲು ಇಡಿಯಾಗಿ ಚಲಿಸುತ್ತದೆ. ಕ್ರಮಸಂಖ್ಯೆಯ ಕಾಲಂ ಇಟ್ಟದ್ದೂ ಅರ್ಧ ಇದಕ್ಕೇ. ಅದರ ಮೇಲೆ ಜೋಡಿಸಿದರೆ ಪಟ್ಟಿ ಬರೆದ ಕ್ರಮಕ್ಕೆ, ಅಂದರೆ ತಟ್ಟೆಯ ಕ್ರಮಕ್ಕೆ, ಮತ್ತೆ ಬರಬೇಕು. ಬರದಿದ್ದರೆ ಏನೋ ಕಲಸಿಹೋಗಿದೆ ಅಂತ ಅರ್ಥ. ಆಗ `Version history` ಒಳಗೆ ಹೋಗಿ ಹಿಂದಿನ ದಿನದ್ದನ್ನು ತಂದುಕೊಳ್ಳಬಹುದು.

ಇನ್ನು ಜೋಡಿಸುವುದು. ಒಬ್ಬ ಲೇಖಕರ ಪುಸ್ತಕಗಳೆಲ್ಲ ಪಕ್ಕಪಕ್ಕ ಇರಬೇಕು ಅನ್ನುವುದು ಎಲ್ಲರ ಆಸೆ. ಕನ್ನಡ ಪುಸ್ತಕಗಳಿಗೆ ಇದನ್ನು ಹಟ ಹಿಡಿದರೆ ಶೆಲ್ಫು ಹಾಳು. ಹಳೆಯ ಮುದ್ರಣಗಳು ಬಹುಪಾಲು ಕ್ರೌನ್ 1/8, ಸುಮಾರು 18 ಸೆಂಟಿಮೀಟರ್ ಎತ್ತರ. ಈಗಿನವು ಜಾಸ್ತಿ ಡೆಮಿ 1/8, ಸುಮಾರು 21.5 ಸೆಂಟಿಮೀಟರ್. ಎರಡನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿದರೆ ತಟ್ಟೆಯ ನಡುವಿನ ಅಂತರವನ್ನು ಡೆಮಿಗೆ ತಕ್ಕಂತೆ ಬಿಡಬೇಕು. ಗಿಡ್ಡ ಪುಸ್ತಕಗಳ ಮೇಲೆ ಖಾಲಿ ಜಾಗ ಉಳಿಯುತ್ತದೆ. ಆ ಜಾಗದಲ್ಲಿ ಯಾರಾದರೂ ಪುಸ್ತಕಗಳನ್ನು ಅಡ್ಡ ಮಲಗಿಸುತ್ತಾರೆ, ಅಡ್ಡ ಮಲಗಿದ್ದು ಯಾವತ್ತೂ ಪಟ್ಟಿಗೆ ಸೇರುವುದಿಲ್ಲ. ಅದಕ್ಕೆ ಮೊದಲು ಅಳತೆ, ಆಮೇಲೆ ಹೆಸರು. ಕ್ರೌನ್‌ಗೆ ಬೇರೆ ತಟ್ಟೆ, ಡೆಮಿಗೆ ಬೇರೆ ತಟ್ಟೆ, ನಿಘಂಟು ವಿಶ್ವಕೋಶದಂಥ ದೊಡ್ಡವು ಎಲ್ಲಕ್ಕಿಂತ ಕೆಳಗೆ. ಒಂದು ತಟ್ಟೆಯೊಳಗೆ ಕರೆಯುವ ಹೆಸರಿನ ಅಕ್ಷರಕ್ರಮ. ಕಾರಂತರು ಹ3ರಲ್ಲೂ ಮ4ರಲ್ಲೂ ಇದ್ದರೆ ಇರಲಿ. ಅವರನ್ನು ಒಟ್ಟಿಗೆ ನೋಡಬೇಕಾದರೆ ಶೀಟ್ ಇದೆ.

ತೂಕದ ಲೆಕ್ಕ ಯಾರೂ ಹಾಕುವುದಿಲ್ಲ. ಮುನ್ನೂರು ಪುಟದ ಡೆಮಿ ಪುಸ್ತಕ ಸಾಮಾನ್ಯ 70 ಜಿಎಸ್‌ಎಂ ಕಾಗದದಲ್ಲಿ ಅಚ್ಚಾಗಿದ್ದರೆ ಸುಮಾರು 330 ಗ್ರಾಂ ತೂಗುತ್ತದೆ, ಒಂದೂವರೆ ಸೆಂಟಿಮೀಟರ್‌ಗಿಂತ ಸ್ವಲ್ಪ ದಪ್ಪ ಇರುತ್ತದೆ. ಮೂರು ಅಡಿ ಉದ್ದದ ತಟ್ಟೆಯಲ್ಲಿ ಇಂಥವು 55ರವರೆಗೆ ಹಿಡಿಯುತ್ತವೆ, ಅಂದರೆ 18 ಕಿಲೋ. ಹಾಲ್‌ನ ಶೆಲ್ಫಿನ ಹಲಗೆ ನಡುವೆ ಬಗ್ಗಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಬಡಗಿಯವರಿಗೆ ಹೇಳಿ ಉದ್ದದ ತಟ್ಟೆಗಳಿಗೆ ನಡುವೆ ಒಂದು ಆಧಾರ ಕೊಡಿಸಿದೆವು. ಪ್ರತಿ ತಟ್ಟೆಯಲ್ಲೂ ಐದನೇ ಒಂದು ಭಾಗ ಖಾಲಿ ಬಿಟ್ಟೆವು. ಇದು ತೂಕಕ್ಕೂ ಆಯಿತು, ಹೊಸ ಪುಸ್ತಕಕ್ಕೂ ಆಯಿತು. ತಟ್ಟೆ ಕಿಕ್ಕಿರಿದರೆ ಹೊಸದು ತನ್ನ ಜಾಗಕ್ಕೆ ಹೋಗುವುದಿಲ್ಲ, ಎಲ್ಲಿ ಸಂದು ಕಂಡಿತೋ ಅಲ್ಲಿ ತೂರಿಕೊಳ್ಳುತ್ತದೆ. ಹೊರಗೋಡೆಗೆ ತಾಗಿದ ಗೂಡಿನಲ್ಲಿ ಪುಸ್ತಕದ ಹಿಂದೆ ಎರಡು ಬೆರಳಷ್ಟು ಸಂದು ಬಿಟ್ಟಿದ್ದೇವೆ. ಆಷಾಢದ ಜಡಿಮಳೆಯಲ್ಲಿ ಆ ಗೋಡೆ ಬೆವರುತ್ತದೆ.

ಬೆನ್ನಿನ ಮೇಲೆ ಹೆಸರೇ ಹಿಡಿಸದಷ್ಟು ತೆಳ್ಳಗಿನ ಪುಸ್ತಕಗಳು ಬೇರೆ ತಲೆನೋವು. ಪಿನ್ ಹೊಡೆದ ಕವನ ಸಂಕಲನಗಳು, ಪ್ರಚಾರೋಪನ್ಯಾಸದ ಪುಸ್ತಿಕೆಗಳು, ನಾಟಕಗಳು. ದಪ್ಪ ಪುಸ್ತಕಗಳ ನಡುವೆ ಇಟ್ಟರೆ ಕಾಣೆಯೇ. ಇವನ್ನೆಲ್ಲ ನಿಲ್ಲಿಸಿಡುವ ಬಾಕ್ಸ್ ಫೈಲಿಗೆ ಹಾಕಿ, ಆ ಬಾಕ್ಸಿಗೇ ಒಂದು ಜಾಗದ ಸಂಖ್ಯೆ ಕೊಟ್ಟೆವು. ತೆ1, ತೆ2.

ನನಗೆ ತುಂಬ ಇಷ್ಟವಾದ ಸಾಲುಗಳು ಅಮ್ಮನ ಪೆಟ್ಟಿಗೆಯವು. ವಾರಪತ್ರಿಕೆಯಲ್ಲಿ ಬಂದ ಧಾರಾವಾಹಿಯನ್ನು ವಾರವಾರ ಕತ್ತರಿಸಿಟ್ಟು, ಮುಗಿದ ಮೇಲೆ ಬೈಂಡ್ ಮಾಡಿಸುವುದು ಆ ಕಾಲದ ಎಷ್ಟೋ ಮನೆಗಳ ರೂಢಿ. ಅಮ್ಮನ ಹತ್ತಿರ ಅಂಥವು ಒಂದು ತಟ್ಟೆ ತುಂಬುವಷ್ಟಿವೆ. ಕಂದು ರಟ್ಟು, ಬೆನ್ನಿಗೆ ಕ್ಯಾಲಿಕೊ ಬಟ್ಟೆ, ಒಳಗೆ ಒಂದರ ಹಿಂದೆ ಒಂದು ಎರಡು ಕಾದಂಬರಿ. ಶೀರ್ಷಿಕೆ ಪುಟ ಇಲ್ಲ, ಪ್ರಕಾಶಕರಿಲ್ಲ, ಪುಟಸಂಖ್ಯೆ ಹಾರಿ ಹಾರಿ ಬರುತ್ತದೆ. ಕಾದಂಬರಿಯ ಒಂದು ಪುಟದ ಬೆನ್ನಿಗೆ ಸೀರೆ ಅಂಗಡಿಯ ಜಾಹೀರಾತೋ, ಅರ್ಧಕ್ಕೆ ಕತ್ತರಿಸಿಹೋದ ಅಡುಗೆ ವಿಧಾನವೋ ಇರುತ್ತದೆ. ಇದನ್ನು ಪಟ್ಟಿಗೆ ಹೇಗೆ ಸೇರಿಸುವುದು? ಅಷ್ಟರವರೆಗೆ ನಮ್ಮ ನಿಯಮ, ಕೈಗೆ ಬರುವ ಒಂದೊಂದು ವಸ್ತುವಿಗೂ ಒಂದು ಸಾಲು ಅಂತ. ಎರಡು ಸಂಪುಟದ ಕಾದಂಬರಿಗೆ ಎರಡು ಸಾಲು, ಯಾಕೆಂದರೆ ಒಂದನ್ನು ಮಾತ್ರ ಯಾರಾದರೂ ಎರವಲು ಒಯ್ಯಬಹುದು. ಇಲ್ಲಿ ಉಲ್ಟಾ, ಒಂದು ವಸ್ತುವಿನಲ್ಲಿ ಎರಡು ಕಾದಂಬರಿ. ಇಲ್ಲಿ ಮಾತ್ರ ಕಾದಂಬರಿಗೊಂದು ಸಾಲು ಮಾಡಿ, ಎರಡಕ್ಕೂ ಒಂದೇ ಕ್ರಮಸಂಖ್ಯೆ ಕೊಟ್ಟೆವು. ಸಂಖ್ಯೆ ಒಂದೇ ಇದ್ದರೆ ಒಂದೇ ರಟ್ಟಿನೊಳಗಿವೆ ಅಂತ ಅರ್ಥ. ಮುದ್ರಣದ ಕಾಲಂನಲ್ಲಿ ಪತ್ರಿಕೆಯ ಹೆಸರು ಮತ್ತು 'ಧಾರಾವಾಹಿ, ಬೈಂಡ್'. ವರ್ಷ ಮಾತ್ರ ಕೆಲವಕ್ಕೆ ಸಿಗಲಿಲ್ಲ. ಫೋನ್ ಮಾಡಿ ಕೇಳಿದರೆ ಅಮ್ಮ, "ನೀನು ಮೂರನೇ ಕ್ಲಾಸಲ್ಲಿದ್ದಾಗ ಬರ್ತಿತ್ತು ಕಣೆ" ಅನ್ನುತ್ತಾರೆ. ಲೆಕ್ಕ ಹಾಕಿ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬರೆದುಕೊಂಡೆ.

ಎರವಲಿನ ಕಾಲಂ ಬಗ್ಗೆ ಹೇಳಲು ಜಾಸ್ತಿಯೇನಿಲ್ಲ. ಖಾಲಿ ಇದ್ದರೆ ಪುಸ್ತಕ ಮನೆಯಲ್ಲಿದೆ. ಕೊಟ್ಟರೆ ಹೆಸರು ಮತ್ತು ತಿಂಗಳು, ಅದೂ ಅವರು ಗೇಟು ದಾಟುವ ಮೊದಲೇ ಫೋನಿನಲ್ಲಿ. ಫಿಲ್ಟರ್ ಹಾಕಿ ಖಾಲಿ ಇಲ್ಲದ ಸಾಲುಗಳನ್ನು ನೋಡಿದರೆ ನೆಂಟರಿಷ್ಟರ ಇನ್ನೊಂದು ಪಟ್ಟಿ ಸಿಗುತ್ತದೆ. ಕೇಳುವ ಧೈರ್ಯ ಯಾವ ಶೀಟೂ ಕೊಡುವುದಿಲ್ಲ.

ಪಟ್ಟಿ ಸುಳ್ಳಾಗುವುದು ನಿಧಾನವಾಗಿ. ಓದಿದವರು ಹ2ರದನ್ನು ಹ4ರಲ್ಲಿ ಇಟ್ಟಿರುತ್ತಾರೆ. ಇದಕ್ಕೆ ವರ್ಷಕ್ಕೊಮ್ಮೆ ತಾಳೆ ನೋಡಬೇಕು. ನಮಗೆ ಅನುಕೂಲವಾದ ಹೊತ್ತು ದಸರೆ. ಸರಸ್ವತಿ ಪೂಜೆಗೆ ಪುಸ್ತಕ ತೆಗೆಯುವುದು, ಆಯುಧಪೂಜೆಗೆ ಮುಂಚೆ ಬೀರುಗಳ ಧೂಳು ಹೊಡೆಯುವುದು ಹೇಗೂ ಇದ್ದೇ ಇದೆ. ಹೆಸರು ಹಿಡಿದು ಒಂದೊಂದಾಗಿ ಪರೀಕ್ಷೆ ಮಾಡುವುದಿಲ್ಲ, ಎಣಿಸುತ್ತೇವೆ. ಜಾಗ ಇರುವುದು B ಕಾಲಂನಲ್ಲಿ:

```
=COUNTIF(B:B,"ಹ3")
```

ಇದು ಹೇಳುವ ಸಂಖ್ಯೆಯಿಂದ ಹೊರಗೆ ಕೊಟ್ಟಿದ್ದನ್ನೂ ಹಿಂದಿನ ವರ್ಷಗಳಲ್ಲಿ ಕಾಣೆಯಾದದ್ದನ್ನೂ ಕಳೆದರೆ ತಟ್ಟೆಯಲ್ಲಿ ಅಷ್ಟು ಪುಸ್ತಕ ಇರಬೇಕು. ಸರಿಯಾಗಿದ್ದರೆ ಮುಂದಿನ ತಟ್ಟೆ. ಧಾರಾವಾಹಿಯ ತಟ್ಟೆಗೆ ಮಾತ್ರ ಈ ಲೆಕ್ಕ ಕೂಡುವುದಿಲ್ಲ, ಅಲ್ಲಿ ಕೈಯಲ್ಲೇ ನೋಡಬೇಕು. ಒಂದು ತಟ್ಟೆಯಲ್ಲಿ ಒಂದು ಕಮ್ಮಿ, ಇನ್ನೊಂದರಲ್ಲಿ ಒಂದು ಜಾಸ್ತಿ ಬಂದರೆ ಪುಸ್ತಕ ಜಾಗ ಬದಲಿಸಿದೆ ಅಷ್ಟೇ. ಎಲ್ಲೂ ಜಾಸ್ತಿ ಇಲ್ಲದೆ ಒಂದು ಕಡೆ ಕಮ್ಮಿ ಬಂದರೆ ಮಾತ್ರ ಆ ತಟ್ಟೆಯ ಸಾಲುಗಳನ್ನು ಫಿಲ್ಟರ್ ಮಾಡಿ, ಅಕ್ಷರಕ್ರಮದಲ್ಲಿ ಒಂದೊಂದಾಗಿ ನೋಡುತ್ತೇವೆ. ಸಿಗದಿದ್ದರೂ ಸಾಲು ಅಳಿಸುವುದಿಲ್ಲ. ಷರಾದಲ್ಲಿ 'ಕಾಣೆ' ಅಂತ ಬರೆದು ವರ್ಷ ಹಾಕುತ್ತೇವೆ. ಹೋದ ದಸರೆಗೆ ಹಾಗೆ ಬರೆದಿದ್ದ ಒಂದು ತೆಳ್ಳಗಿನ ನಾಟಕ ಉಗಾದಿ ಹೊತ್ತಿಗೆ ಮಾವನ ಪಂಚಾಂಗದೊಳಗೆ ಸಿಕ್ಕಿತು. ಪುಟ ಗುರುತಿಗೆ ಇಟ್ಟುಕೊಂಡಿದ್ದರಂತೆ.